ಡಿಜಿಟಲ್ ರೂಪಾಯಿ, ಬಿಟ್‌ಕಾಯಿನ್, ಠೇವಣಿ: ನಿಮಗೆ ಬಾಕಿ ಇರುವವರು ಯಾರು?

ಪ್ರಶ್ನೆ: ನಾನು ಬದಿಯಡ್ಕ ಸಮೀಪದ ನಿವೃತ್ತ ಅಧ್ಯಾಪಕ. ಹಳೆ ಅಡಿಕೆ ಮಾರಿದ್ದು, ಪಿಂಚಣಿಯಲ್ಲಿ ಉಳಿದದ್ದು ಸೇರಿ ಏಳು ಲಕ್ಷ ನಮ್ಮೂರ ಸರ್ವೀಸ್ ಸಹಕಾರಿ ಬ್ಯಾಂಕಿನಲ್ಲಿದೆ. ದುಬೈಯಲ್ಲಿರುವ ಅಳಿಯ ಬಿಟ್‌ಕಾಯಿನ್‌ಗೆ ಹಾಕಲು ಹೇಳುತ್ತಾರೆ. "ಈಗ ರಿಸರ್ವ್ ಬ್ಯಾಂಕೇ ಡಿಜಿಟಲ್ ರೂಪಾಯಿ ತಂದಿದೆ, ಎರಡೂ ಒಂದೇ" ಎಂಬುದು ಅವರ ವಾದ. ವಾಟ್ಸಾಪಿನಲ್ಲಿ "ಸರಕಾರಿ ಡಿಜಿಟಲ್ ಕಾಯಿನ್, ಆರು ತಿಂಗಳಲ್ಲಿ ದುಪ್ಪಟ್ಟು" ಎಂಬ ಸಂದೇಶವೂ ಬಂದಿದೆ. ಬ್ಯಾಂಕಿನ ಹಣವೂ ಫೋನಿನಲ್ಲೇ ಕಾಣುತ್ತದಲ್ಲ, ಹಾಗಾದರೆ ವ್ಯತ್ಯಾಸ ಎಲ್ಲಿ?

ಉತ್ತರ: ಮಾಷ್ಟ್ರೇ, ಫೋನಿನ ಪರದೆಯಲ್ಲಿ ಮೂರೂ ಒಂದೇ ತರಹ ಕಾಣುತ್ತವೆ ನಿಜ. ಅದಕ್ಕೇ ಪರದೆಯನ್ನು ಬಿಟ್ಟು ಸಾಲದ ಪುಸ್ತಕ ನೋಡೋಣ. ಈ ಹಣವನ್ನು ನಿಮಗೆ ಕೊಡಬೇಕಾದವರು ಯಾರು?

ಬ್ಯಾಂಕಿನಲ್ಲಿ ಠೇವಣಿ ಇಟ್ಟಿರೆಂದರೆ ನೀವು ಬ್ಯಾಂಕಿಗೆ ಸಾಲ ಕೊಟ್ಟಿದ್ದೀರಿ. ಪಾಸ್‌ಬುಕ್ಕು ಅದರ ಲೆಕ್ಕ, ಅಷ್ಟೆ. ಕೊಡಬೇಕಾದವರು ಆ ಬ್ಯಾಂಕು. ನಿಮ್ಮ ಕಿಸೆಯಲ್ಲಿರುವ 500ರ ನೋಟಿನ ಹೊಣೆ ರಿಸರ್ವ್ ಬ್ಯಾಂಕಿನದು. 2022ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು, 'ಬ್ಯಾಂಕ್ ನೋಟು' ಅಂದರೆ ಡಿಜಿಟಲ್ ರೂಪದ್ದೂ ಸೇರುತ್ತದೆ ಎಂದು ಬರೆದರು. ಆ ವರ್ಷ ಡಿಸೆಂಬರ್ 1ರಂದು ಮುಂಬೈ, ದೆಹಲಿ, ಬೆಂಗಳೂರು, ಭುವನೇಶ್ವರಗಳಲ್ಲಿ ಜನಸಾಮಾನ್ಯರಿಗೆ ಪ್ರಾಯೋಗಿಕವಾಗಿ ಕೊಟ್ಟ ಇ-ರೂಪಾಯಿ ಎಂದರೆ ಇದೇ: ಕಾಗದ ಇಲ್ಲದ ನೋಟು. ನೋಟು, ನಾಣ್ಯಗಳಿಗಿರುವ ಮುಖಬೆಲೆಗಳೇ ಅದಕ್ಕೂ ಇವೆ. ಬಿಟ್‌ಕಾಯಿನ್ ವಿಷಯಕ್ಕೆ ಬಂದರೆ, ಅದನ್ನು ನಿಮಗೆ ಕೊಡಬೇಕಾದವರು ಯಾರೂ ಇಲ್ಲ. ಅದು ಯಾರ ಸಾಲವೂ ಅಲ್ಲ. ಮುಂದೆ ಇನ್ನೊಬ್ಬ ಎಷ್ಟು ಕೊಟ್ಟು ಕೊಳ್ಳುತ್ತಾನೋ ಅಷ್ಟೇ ಅದರ ಬೆಲೆ.

ಒಂದು ಉದಾಹರಣೆ ಹಿಡಿಯೋಣ. ನೀವು ಯಾವುದೋ ವಾಣಿಜ್ಯ ಬ್ಯಾಂಕಿನ ಖಾತೆಯಿಂದ 10,000 ರೂಪಾಯಿಯನ್ನು ಆ ಬ್ಯಾಂಕಿನದೇ ಇ-ರೂಪಾಯಿ ವ್ಯಾಲೆಟ್ಟಿಗೆ ಹಾಕುತ್ತೀರಿ. ಬ್ಯಾಂಕು ನಿಮಗೆ ಕೊಡಬೇಕಾದದ್ದು 10,000ದಷ್ಟು ಇಳಿಯಿತು. ಅದೇ ಹೊತ್ತಿಗೆ ರಿಸರ್ವ್ ಬ್ಯಾಂಕಿನಲ್ಲಿ ಆ ಬ್ಯಾಂಕು ಇಟ್ಟಿರುವ ಹಣದಿಂದಲೂ 10,000 ಕಡಿತವಾಯಿತು. ರಿಸರ್ವ್ ಬ್ಯಾಂಕು ಇದುವರೆಗೆ ಬ್ಯಾಂಕಿಗೆ ಬಾಕಿ ಇತ್ತು, ಈಗ ನೇರ ನಿಮಗೆ ಬಾಕಿ. ಎಟಿಎಮ್ಮಿನಿಂದ ನೋಟು ತೆಗೆದಾಗ ಆಗುವುದೂ ಇದೇ. ವ್ಯಾಲೆಟ್ ಕೊಟ್ಟ ಬ್ಯಾಂಕು ನಾಳೆ ಮುಳುಗಿದರೂ ಆ 10,000 ಮುಳುಗುವುದಿಲ್ಲ, ಏಕೆಂದರೆ ಅದು ಬ್ಯಾಂಕಿನ ಸಾಲವೇ ಅಲ್ಲ.

ಹಾಗಾದರೆ ಏಳು ಲಕ್ಷವನ್ನೂ ಅಲ್ಲಿಗೇ ಸಾಗಿಸಬಾರದೇಕೆ ಎಂದು ನೀವು ಕೇಳಬಹುದು. ಬಡ್ಡಿ ಇಲ್ಲ, ಅದಕ್ಕೇ. ಬ್ಯಾಂಕು ನಿಮ್ಮ ಠೇವಣಿಯನ್ನು ಇನ್ಯಾರದೋ ಪಂಪ್‌ಸೆಟ್ಟಿಗೆ, ಮನೆಗೆ, ಜೀಪಿಗೆ ಸಾಲ ಕೊಟ್ಟು, ಬಂದ ಬಡ್ಡಿಯಲ್ಲಿ ನಿಮಗೊಂದು ಪಾಲು ಕೊಡುತ್ತದೆ. ಇ-ರೂಪಾಯಿಯನ್ನು ಹಾಗೆ ಯಾರಿಗೂ ಸಾಲ ಕೊಡಲಿಕ್ಕಿಲ್ಲ, ಪೆಟ್ಟಿಗೆಯಲ್ಲಿಟ್ಟ ನೋಟಿನ ಹಾಗೆ ಅದು ಸುಮ್ಮನೆ ಕೂತಿರುತ್ತದೆ. ಶೇಕಡಾ 6ರ ಲೆಕ್ಕ ಹಿಡಿದರೂ ಏಳು ಲಕ್ಷಕ್ಕೆ ವರ್ಷಕ್ಕೆ 42,000 ರೂಪಾಯಿ ಬಿಟ್ಟುಕೊಟ್ಟಂತೆ. ರಿಸರ್ವ್ ಬ್ಯಾಂಕು ಬಡ್ಡಿ ಕೊಡದಿರುವುದು ಬೇಕೆಂದೇ. ಕೊಟ್ಟರೆ ಎಲ್ಲರೂ ಠೇವಣಿ ತೆಗೆದು ಇಲ್ಲಿಗೆ ತರುತ್ತಾರೆ, ಬ್ಯಾಂಕುಗಳಿಗೆ ಸಾಲ ಕೊಡಲು ಹಣವೇ ಇರದು. ಈ ಕಾರಣಕ್ಕೇ ವ್ಯಾಲೆಟ್ಟಿನಲ್ಲಿ ಎಷ್ಟು ಇಡಬಹುದು ಎಂಬುದಕ್ಕೂ ಮಿತಿ ಇದೆ. ಅಲ್ಲದೆ ಜನರೂ ಇದನ್ನು ಮುಗಿಬಿದ್ದು ಕೊಂಡಿಲ್ಲ. 2025ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದ ಇ-ರೂಪಾಯಿ ಸುಮಾರು 1,016 ಕೋಟಿ. ಕಾಗದದ ನೋಟುಗಳ ಪಕ್ಕ ಇಟ್ಟರೆ ಹತ್ತು ಸಾವಿರ ರೂಪಾಯಿಗೆ ಮೂರು ರೂಪಾಯಿಯೂ ಇಲ್ಲ. ಯುಪಿಐ ಇರುವ ದೇಶದಲ್ಲಿ ಇದು ಏತಕ್ಕೆ ಎಂಬ ಪ್ರಶ್ನೆಗೆ ಸಾಮಾನ್ಯ ಗ್ರಾಹಕನಿಗೆ ಒಪ್ಪುವ ಉತ್ತರ ನನಗಂತೂ ಇನ್ನೂ ಕಂಡಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬಿಟ್‌ಕಾಯಿನ್‌ಗಿಂತ ಹೆಚ್ಚು ಕಸಿವಿಸಿಯಾದದ್ದು 'ಸರ್ವೀಸ್ ಸಹಕಾರಿ ಬ್ಯಾಂಕು' ಎಂಬ ಮಾತು. ನೀವು ಅದನ್ನು ಸುಮ್ಮನೆ ಹೇಳಿ ಮುಂದೆ ಹೋಗಿದ್ದೀರಿ. ಕಾಸರಗೋಡಿನಲ್ಲಿ ನಾವು ಬ್ಯಾಂಕು ಎನ್ನುವುದರಲ್ಲಿ ಎರಡು ಜಾತಿ ಇದೆ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಕೇರಳ ಬ್ಯಾಂಕು, ಲೈಸೆನ್ಸಿರುವ ಅರ್ಬನ್ ಅಥವಾ ಟೌನ್ ಸಹಕಾರಿ ಬ್ಯಾಂಕು, ಇವು ಒಂದು ಜಾತಿ. ಇವುಗಳ ಠೇವಣಿಗೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿಯ ವಿಮೆ ಇದೆ. 2020ರ ಫೆಬ್ರವರಿ 4ರಿಂದ ಅದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ, 5 ಲಕ್ಷದವರೆಗೆ. ಅದಕ್ಕೆ ಮೊದಲು ಬರೀ ಒಂದು ಲಕ್ಷ ಇತ್ತು. ಬ್ಯಾಂಕಿನ ಮೇಲೆ ಹಣ ತೆಗೆಯದಂತೆ ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆಯ ಹಣ ಕೊಡಬೇಕೆಂದು 2021ರಲ್ಲಿ ಕಾಯ್ದೆಯಾಯಿತು. ಒಂದೇ ಬ್ಯಾಂಕಿನ ಬದಿಯಡ್ಕ ಶಾಖೆಯಲ್ಲಿ ನಾಲ್ಕು ಲಕ್ಷ, ಕುಂಬಳೆ ಶಾಖೆಯಲ್ಲಿ ಮೂರು ಲಕ್ಷ ಇಟ್ಟರೆ ಎರಡನ್ನೂ ಕೂಡಿಸಿಯೇ 5 ಲಕ್ಷದ ಲೆಕ್ಕ ಹಿಡಿಯುತ್ತಾರೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಇನ್ನೊಂದು ಜಾತಿಯೇ ನಮ್ಮೂರ ಸರ್ವೀಸ್ ಸಹಕಾರಿ ಬ್ಯಾಂಕುಗಳು. ಹೆಸರಲ್ಲಿ ಬ್ಯಾಂಕು ಇದ್ದರೂ ಕಾನೂನಿನ ಕಣ್ಣಿಗೆ ಇವು ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲ, ಡಿಐಸಿಜಿಸಿ ವಿಮೆಯೂ ಇಲ್ಲ. ಇದನ್ನು ಎಚ್ಚರಿಸಿ ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಪ್ರಕಟಣೆಯನ್ನೂ ಕೊಟ್ಟಿತ್ತು. ಇಂಥ ಸಂಘಗಳಿಗೆ ಕೇರಳ ಸರಕಾರದ ಸಹಕಾರಿ ಠೇವಣಿ ಖಾತರಿ ನಿಧಿ ಎಂಬ ಬೇರೆಯೇ ವ್ಯವಸ್ಥೆ ಇದೆ. ನಿಮ್ಮ ಸಂಘ ಅದಕ್ಕೆ ಸೇರಿದೆಯೇ, ಈಗ ಎಷ್ಟು ಮೊತ್ತದವರೆಗೆ ಖಾತರಿ ಎಂದು ಸೆಕ್ರೆಟರಿಯವರಲ್ಲಿ ಕೇಳಿ, ಬರಹದಲ್ಲಿ ಪಡೆಯಿರಿ. ಸಂಘ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅಡಿಕೆ ಬೆಳೆಗಾರರಿಗೆ ಹೊತ್ತಿಗೆ ಸಾಲ ಸಿಕ್ಕಿದ್ದರೆ ಹೆಚ್ಚಾಗಿ ಅಲ್ಲಿಂದಲೇ. ಆದರೆ ಏಳೂ ಲಕ್ಷ ಒಂದೇ ಸಂಘದಲ್ಲಿದ್ದರೆ, ನಿಮಗೆ ಬಾಕಿ ಇರುವವರು ಒಬ್ಬರೇ, ಅವರ ಹಿಂದೆ ರಿಸರ್ವ್ ಬ್ಯಾಂಕಿನ ವಿಮೆಯೂ ನಿಂತಿಲ್ಲ.

ಇನ್ನು ಅಳಿಯಂದಿರ ಬಿಟ್‌ಕಾಯಿನ್. 2021ರ ನವೆಂಬರಿನಲ್ಲಿ ಒಂದಕ್ಕೆ 68,000 ಡಾಲರ್ ದಾಟಿದ್ದದ್ದು ವರ್ಷ ತುಂಬುವಷ್ಟರಲ್ಲಿ ಸುಮಾರು 16,000ಕ್ಕೆ ಇಳಿದಿತ್ತು, ಆಮೇಲೆ ಮತ್ತೆ ಹಿಂದಿನ ಎತ್ತರವನ್ನೂ ದಾಟಿ ಏರಿತು. ಈ ಏರಿಳಿತ ಅವರಿಗೂ ಗೊತ್ತಿರುತ್ತದೆ. ಅವರು ದುಬೈಯಲ್ಲಿ ಕೂತು ಮರೆತಿರಬಹುದಾದದ್ದು ನಮ್ಮ ತೆರಿಗೆ. 2022ರ ಏಪ್ರಿಲಿನಿಂದ ಇಂಥ ನಾಣ್ಯದ ಲಾಭಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್. ಒಂದು ನಾಣ್ಯದಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ.

ನೀವು ಒಂದೊಂದು ಲಕ್ಷ ಹಾಕಿ ಎರಡು ಬಗೆಯ ನಾಣ್ಯ ಕೊಂಡಿರಿ ಎನ್ನಿ. ಒಂದನ್ನು ಒಂದೂವರೆ ಲಕ್ಷಕ್ಕೆ ಮಾರಿದಿರಿ, ಇನ್ನೊಂದನ್ನು 60,000ಕ್ಕೆ. ಕೈಗೆ ಬಂದದ್ದು 2,10,000, ಅಂದರೆ 10,000 ಲಾಭ. ತೆರಿಗೆಯವರು ನೋಡುವುದು ಮೊದಲನೆಯದರ 50,000 ಲಾಭವನ್ನು ಮಾತ್ರ. ಅದಕ್ಕೆ ತೆರಿಗೆ 15,000, ಸೆಸ್ 600. ಕೊನೆಗೆ 5,600 ರೂಪಾಯಿ ಕೈಯಿಂದಲೇ ಹೋಯಿತು. ಮಾರುವಾಗ ಮೂಲದಲ್ಲೇ ಶೇಕಡಾ 1 ಹಿಡಿಯುತ್ತಾರೆ, ಅದು ಈ ತೆರಿಗೆಗೆ ಜಮೆಯಾಗುತ್ತದೆ.

ಇನ್ನೂ ಒಂದು ಅಪಾಯ ಗಲ್ಫ್ ನಂಟಿರುವ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಅಳಿಯಂದಿರು ಡಾಲರಿಗೆ ಸಮ ಎನ್ನುವ ಸ್ಟೇಬಲ್‌ಕಾಯಿನ್ ಕಳಿಸಿ, "ಅಲ್ಲೇ ಯಾರಿಗಾದರೂ ಮಾರಿ ರೂಪಾಯಿ ಮಾಡಿಕೊಳ್ಳಿ" ಎನ್ನಬಹುದು. ಆ ಸಮತೆ ಹೊರಡಿಸಿದವರ ಮಾತಿನ ಮೇಲೆ ನಿಂತದ್ದು. 2022ರ ಮೇಯಲ್ಲಿ ಟೆರಾಯುಎಸ್‌ಡಿ ಎಂಬುದು ಕೆಲವೇ ದಿನಗಳಲ್ಲಿ ಒಂದು ಡಾಲರಿನಿಂದ ಸೆಂಟುಗಳಿಗೆ ಬಿತ್ತು. ಅದಕ್ಕಿಂತಲೂ ಹತ್ತಿರದ ತೊಂದರೆ ಕೊಳ್ಳುವ ಅಪರಿಚಿತನದ್ದು. ಅವನು ನಿಮ್ಮ ಖಾತೆಗೆ ಹಾಕುವ ರೂಪಾಯಿ ಯಾರನ್ನೋ ವಂಚಿಸಿ ಪಡೆದದ್ದಾಗಿದ್ದರೆ, ಆ ದೂರಿನ ಜಾಡು ಹಿಡಿದು ಪೊಲೀಸರು ನಿಮ್ಮ ಖಾತೆಯನ್ನೇ ತಡೆಹಿಡಿಸಬಹುದು. ಪಿಂಚಣಿ ಬರುವ ಖಾತೆ ಹಾಗೆ ನಿಂತರೆ ಅದನ್ನು ಬಿಡಿಸಲು ಓಡಾಡಬೇಕಾದವರು ನೀವು. ಅಳಿಯಂದಿರು ಕಳಿಸುವುದಿದ್ದರೆ ಎಂದಿನಂತೆ ಬ್ಯಾಂಕು ಅಥವಾ ಊರಿಗೆ ಹಣ ರವಾನಿಸುವ ಎಕ್ಸ್‌ಚೇಂಜ್ ಮೂಲಕವೇ ಕಳಿಸಲಿ.

ಫೋನು ಕಳೆದರೆ ಏನು? ಬ್ಯಾಂಕಿನ ಹಣ ಬ್ಯಾಂಕಿನಲ್ಲೇ ಇರುತ್ತದೆ. ಇ-ರೂಪಾಯಿ ವ್ಯಾಲೆಟ್ಟನ್ನು ಅದೇ ನಂಬರಿನ ಹೊಸ ಸಿಮ್ ಹಾಕಿ ಮರಳಿ ಪಡೆಯಬಹುದು. ಬಿಟ್‌ಕಾಯಿನ್ ನಿಮ್ಮದೇ ವ್ಯಾಲೆಟ್ಟಿನಲ್ಲಿದ್ದು ಅದರ ಗುಪ್ತ ಪದಗಳ ಚೀಟಿಯೂ ಕಳೆದರೆ, ದೂರು ಕೊಡಲು ಒಂದು ಕೌಂಟರೇ ಇಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ: ಠೇವಣಿಯ ಅವಧಿ ಮುಗಿಯುತ್ತಿದ್ದಂತೆ ಮೂರು ಲಕ್ಷವನ್ನು ಒಂದು ವಿಮೆಯಿರುವ ಬ್ಯಾಂಕಿಗೆ, ಮೂರು ಲಕ್ಷವನ್ನು ಇನ್ನೊಂದಕ್ಕೆ. ಬಡ್ಡಿ ಸೇರಿದರೂ ಐದರ ಒಳಗೇ ಇರುತ್ತದೆ. ಬ್ಯಾಂಕಿನ ಹೆಸರು ಡಿಐಸಿಜಿಸಿಯ www.dicgc.org.in ತಾಣದ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳುತ್ತಿದ್ದೆ. ಉಳಿದ ಒಂದು ಲಕ್ಷ ಊರ ಸಂಘದಲ್ಲೇ ಇರಲಿ, ಸಾಲ ಬೇಕಾದಾಗ ಆ ನಂಟು ಬೇಕು. ಅವಧಿಗೆ ಮೊದಲೇ ತೆಗೆದರೆ ಬಡ್ಡಿ ಕಡಿತವಾಗುತ್ತದೆ, ಆದ್ದರಿಂದ ಅವಸರ ಬೇಡ. ಕುತೂಹಲಕ್ಕೆ 500 ರೂಪಾಯಿ ಇ-ರೂಪಾಯಿ ಮಾಡಿ ಅಂಗಡಿಯ ಯುಪಿಐ ಕ್ಯೂಆರ್‌ಗೆ ಕೊಟ್ಟು ನೋಡಿ. ಆದರೆ ಅದಕ್ಕೆ ಈ ಸೌಲಭ್ಯವಿರುವ ಬ್ಯಾಂಕಿನ ಖಾತೆ ಬೇಕು, ಸಂಘದ ಖಾತೆಯಿಂದ ಆಗದು.

ಆ ವಾಟ್ಸಾಪ್ ಸಂದೇಶ ಮೋಸ ಎನ್ನಲು ಹೆಚ್ಚು ತನಿಖೆ ಬೇಡ. ನೂರು ರೂಪಾಯಿಯ ಇ-ರೂಪಾಯಿ ಹತ್ತು ವರ್ಷ ಕಳೆದರೂ ನೂರೇ ರೂಪಾಯಿ, ದುಪ್ಪಟ್ಟಾಗುವ ನೋಟು ಎಲ್ಲೂ ಇಲ್ಲ. ಅದಕ್ಕೆ ಯಾರಾದರೂ ಈಗಾಗಲೇ ಹಣ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿದ್ದರೆ ತಡೆಹಿಡಿಸಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ.