B, D ಎರಡೂ ಆಗಲೇ ಸೇರಿವೆ, ಆದರೂ B-D ಹಾಕಬಹುದಾ?

ಪ್ರಶ್ನೆ: ಫೋಟೋದಲ್ಲಿರುವ ಗ್ರಾಫ್‌ಗೆ ಮಿನಿಮಮ್ ಸ್ಪ್ಯಾನಿಂಗ್ ಟ್ರೀ ಬೇಕು. ಕಡಿಮೆ ತೂಕದ ಎಡ್ಜ್‌ನಿಂದ ಶುರು ಮಾಡಿದೆ. B, D ಎರಡೂ ಆಗಲೇ ಬಂದಿವೆ, ಮತ್ತೆ B-D ಹಾಕಿದ್ರೆ ಸೈಕಲ್ ಆಗಲ್ವಾ?

ಆಗಲ್ಲ, ಹಾಕಿ. ಅದು ಇಲ್ಲದೆ ನಿಮ್ಮ ಟ್ರೀ ಮಿನಿಮಮ್ ಆಗುವುದೇ ಇಲ್ಲ.

ಫೋಟೋ ನೋಡುತ್ತಲೇ ಎಡ್ಜ್ ಆರಿಸಲು ಹೋದರೆ ಯಾವುದೋ ಒಂದು ಕಣ್ತಪ್ಪುತ್ತದೆ. ಮೊದಲು ಎಲ್ಲವನ್ನೂ ತೂಕದ ಪ್ರಕಾರ ಬರೆದುಕೊಳ್ಳಿ. ನಾನು ಓದಿದ್ದು ಹೀಗೆ:

```
B-C 1
A-C 2
D-E 2
E-F 3
A-B 4
B-D 5
D-F 6
C-D 8
C-E 10
```

(ನಡುವೆ B-D, C-E ಗೆರೆಗಳು ಒಂದನ್ನೊಂದು ದಾಟುವ ಜಾಗ ಇದೆಯಲ್ಲ, ಅದು ನೋಡ್ ಅಲ್ಲ. ಅಲ್ಲಿ ಹೆಸರೂ ಇಲ್ಲ, ವೃತ್ತವೂ ಇಲ್ಲ.)

ಈಗ ಮೇಲಿನಿಂದ ಬನ್ನಿ. B-C, A-C ತೆಗೆದುಕೊಂಡರೆ A, B, C ಒಂದು ಗುಂಪು. D-E, E-F ತೆಗೆದುಕೊಂಡರೆ D, E, F ಇನ್ನೊಂದು ಗುಂಪು. ಮುಂದಿನದು A-B, ತೂಕ 4. A ಯಿಂದ C ಮೂಲಕ B ಗೆ ಆಗಲೇ ದಾರಿ ಇದೆ. ಇದನ್ನೂ ಹಾಕಿದರೆ A-C-B-A ಅಂತ ಸುತ್ತು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಬಿಡಿ. ಬಿಟ್ಟರೆ ನಷ್ಟವೂ ಇಲ್ಲ, ಆ ಸುತ್ತಿನಲ್ಲಿ ಜಾಸ್ತಿ ತೂಕದ್ದು ಅದೇ.

ಆಮೇಲೆ ನಿಮ್ಮ B-D. ನೀವು "ಈ ನೋಡ್ ಆಗಲೇ ಬಂದಿದೆಯಾ?" ಅಂತ ಕೇಳಿಕೊಳ್ಳುತ್ತಿದ್ದೀರಿ. ಕೇಳಬೇಕಾದ್ದು "ಈ ಎರಡರ ನಡುವೆ ಆಗಲೇ ದಾರಿ ಇದೆಯಾ?" ಅಂತ. ಸೈಕಲ್ ಅಂದರೆ ಹೊರಟ ಜಾಗಕ್ಕೆ ಬೇರೆ ದಾರಿಯಲ್ಲಿ ವಾಪಸ್ ಬರುವುದು, ಅಲ್ವಾ? ಹೊಸ ಎಡ್ಜ್ ಹಿಡಿದು B ಯಿಂದ D ಗೆ ಹೋದರೆ, ವಾಪಸ್ ಬರಲು ಹಳೆಯ ಎಡ್ಜ್‌ಗಳಲ್ಲೇ ಒಂದು ದಾರಿ ಇರಬೇಕು. B ಒಂದು ಗುಂಪಿನಲ್ಲಿದೆ, D ಇನ್ನೊಂದರಲ್ಲಿ. ನಡುವೆ ಒಂದೂ ಎಡ್ಜ್ ಇಲ್ಲ. ವಾಪಸ್ ದಾರಿಯೇ ಇಲ್ಲದ ಮೇಲೆ ಸೈಕಲ್ ಎಲ್ಲಿಂದ ಬರಬೇಕು? ಪ್ರತಿ ಸಲವೂ ಬೇರೆ ಬೇರೆ ಗುಂಪುಗಳನ್ನಷ್ಟೇ ಜೋಡಿಸುತ್ತಾ ಹೋದರೆ ಕೊನೆಯವರೆಗೂ ಸೈಕಲ್ ಹುಟ್ಟುವುದಿಲ್ಲ.

ಕೈಯಲ್ಲಿ ಮಾಡುವಾಗ ಒಂದೊಂದು ಗುಂಪಿಗೆ ಒಂದೊಂದು ಬಣ್ಣ ಹಚ್ಚಿ. ಎಡ್ಜ್‌ನ ಎರಡೂ ತುದಿ ಒಂದೇ ಬಣ್ಣವಾದರೆ ಬಿಡಿ. ಬೇರೆ ಬಣ್ಣವಾದರೆ ತೆಗೆದುಕೊಂಡು, ಎರಡೂ ಗುಂಪಿಗೆ ಒಂದೇ ಬಣ್ಣ ಹಚ್ಚಿ. ಸುಮ್ನೆ ಆ ಎರಡು ತುದಿಗಳ ಬಣ್ಣ ಮಾತ್ರ ಬದಲಿಸಿದರೆ ಸಾಲದು, ಇಡೀ ಗುಂಪಿನದು ಬದಲಾಗಬೇಕು.

B-D ಸೇರಿದ ಮೇಲೆ ಆರು ನೋಡ್‌ಗೆ ಐದು ಎಡ್ಜ್ ಆಯಿತು, ಅಲ್ಲಿಗೆ ಮುಗಿಯಿತು. ಒಟ್ಟು 1+2+2+3+5 = 13.

ಫೋಟೋದಲ್ಲಿ ಎರಡು ಅಂಕಿ ಮಸುಕಾಗಿವೆ. D-F ಮೇಲಿನದು 6 ಆದರೂ 8 ಆದರೂ ಪರವಾಗಿಲ್ಲ, ಅದರ ಸರದಿ ಬರುವಷ್ಟರಲ್ಲಿ D, F ಒಂದೇ ಗುಂಪಿನಲ್ಲಿರುತ್ತವೆ. ಆದರೆ B-C ಮೇಲಿನ 1 ನಿಜಕ್ಕೂ 7 ಆಗಿದ್ದರೆ ಉತ್ತರವೇ ಬೇರೆ: B-C ಬಿದ್ದುಹೋಗಿ A-B ಒಳಗೆ ಬರುತ್ತದೆ, ಒಟ್ಟು 16. ಅದೊಂದನ್ನು ಮೂಲ ಹಾಳೆಯಲ್ಲಿ ನೋಡಿಕೊಳ್ಳಿ.