ಚೀಟಿ ಬೇರೆ, ಕೇಸ್ ಶೀಟ್ ಬೇರೆ

“ಗಂಡ ಹೊಡೆದ ಅಂತ ರೋಗಿ ಹೇಳಿದರು. ಓಪಿಡಿ ಚೀಟಿಯಲ್ಲಿ ಬರೆದರೆ ಅವನೇ ಓದ್ತಾನೆ. ಬರೆಯದಿದ್ದರೆ ನಾಳೆ ದಾಖಲೆ ಇರಲ್ಲ. ಏನು ಮಾಡಲಿ?”

ರೋಗಿಯ ಕೈಗೆ ಕೊಡಲೂ ದಾಖಲೆ ಇಡಲೂ ಒಂದೇ ಕಾಗದ ಬಳಸುತ್ತಿರುವುದೇ ತೊಡಕಿರಬೇಕು. ಮೊದಲು ಜೊತೆಗೆ ಬಂದವರನ್ನು ಹೊರಗೆ ಕೂರಿಸಿ. ಚೀಟಿಯನ್ನು ಮನೆಯಲ್ಲಿ ಯಾರು ನೋಡುತ್ತಾರೆ ಎಂದು ಆಕೆಯನ್ನೇ ಕೇಳಿ. ಅದರಲ್ಲಿ ಗಾಯ, ಔಷಧ, ಮತ್ತೆ ಬರಬೇಕಾದ ದಿನ ಇಷ್ಟೇ ಸಾಕು. “ಜಾರಿ ಬಿದ್ದದ್ದು” ಅಂತ ಮಾತ್ರ ಸುಳ್ಳು ಬರೆಯಬೇಡಿ, ಮುಂದೆ ಅದೇ ಆಕೆಯ ವಿರುದ್ಧ ನಿಲ್ಲುತ್ತದೆ.

ಪೂರ್ತಿ ವಿವರ ಆಸ್ಪತ್ರೆಯಲ್ಲೇ ಉಳಿಯುವ ಕೇಸ್ ಶೀಟಿಗೆ. ಆಕೆಯ ಮಾತನ್ನು ಹಾಗೇ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ: “ನಿನ್ನೆ ರಾತ್ರಿ ಗಂಡ ಬೆಲ್ಟಿನಿಂದ ಹೊಡೆದ.” ಕೆಳಗೆ ನೀವು ಕಂಡದ್ದು: “ಎಡ ತೋಳಿನ ಹೊರಬದಿ, ಮೊಣಕೈಯಿಂದ 6 ಸೆಂ.ಮೀ. ಮೇಲೆ, 8 × 3 ಸೆಂ.ಮೀ. ಕೆಂಪು-ನೀಲಿ ಬಣ್ಣದ ಜಜ್ಜುಗಾಯ, ಮುಟ್ಟಿದರೆ ನೋವು.” ದೇಹದ ಚಿತ್ರದಲ್ಲೂ ಗುರುತಿಸಿ. ಸಮಯ, ಸಹಿ ಮರೆಯಬೇಡಿ. ಬಣ್ಣ ನೋಡಿ ಗಾಯ ಎಷ್ಟು ದಿನದ್ದು ಎಂದು ಖಚಿತವಾಗಿ ಹೇಳಲು ಆಗಲ್ಲ, ಹಾಗಾಗಿ ಬಣ್ಣ ಮಾತ್ರ ಬರೆಯಿರಿ. “ಆರೋಪಿಸುತ್ತಾರೆ” ಬೇಡ, ಸುಮ್ನೆ ಅನುಮಾನ ಹುಟ್ಟಿಸುತ್ತದೆ. “ಹೇಳಿದರು” ಸಾಕು.

ಎಂಎಲ್‌ಸಿ, ಅಂದರೆ ಮೆಡಿಕೋ-ಲೀಗಲ್ ಕೇಸ್ ಎಂದು ದಾಖಲಿಸಿದರೆ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಅದನ್ನು ವಿವರ ಕೇಳುವ ಮೊದಲೇ ಆಕೆಗೆ ತಿಳಿಸಿ. ಯಾವ ಗಾಯಕ್ಕೆ ಕಡ್ಡಾಯ ಎಂಬುದನ್ನು ನಿಮ್ಮ ಆಸ್ಪತ್ರೆಯ ವೈದ್ಯಾಧಿಕಾರಿ ಹತ್ತಿರ ಕೇಳಿಕೊಳ್ಳಿ. 181 ಮಹಿಳಾ ಸಹಾಯವಾಣಿಯನ್ನು ಬಾಯಲ್ಲೇ ಹೇಳಿ, ಚೀಟಿಯ ಹಿಂದೆ ಬರೆದುಕೊಡಬೇಡಿ. ಕೊನೆಗೆ, ಆಕೆಗೆ ಫೋನ್ ಮಾಡಬಹುದಾ, ಯಾವ ನಂಬರಿಗೆ ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆದಿಡಿ.