ಇನ್‌ಸ್ಟಾಗ್ರಾಂ ಪ್ರೊಫೈಲ್ ಮೇಲೆ ಎಷ್ಟು ಪೋಸ್ಟ್ ಪಿನ್ ಮಾಡಬಹುದು? ನನಗೆ ಐದಾದರೂ ಬೇಕು. ಯಾವುದು ಮೊದಲು ಬರಬೇಕು ಅಂತ ನಾವೇ ಇಡಬಹುದಾ?

ಮೂರೇ. ನಾನೂ ಐದು ಬೇಕು ಅಂತ ಒದ್ದಾಡಿದವಳೇ.

ಮನೆಯಲ್ಲೇ ಸೀರೆಗೆ ಕುಚ್ಚು ಹಾಕಿಕೊಡ್ತೀನಿ. ರೇಟಿನ ಪೋಸ್ಟ್, ಡಿಸೈನ್ ಪೋಸ್ಟ್, ಸೀರೆ ಕೊರಿಯರ್ ಮಾಡೋದು ಹೇಗೆ ಅನ್ನೋ ಪೋಸ್ಟ್, ಈ ಮೂರನ್ನು ಪಿನ್ ಮಾಡಿದ್ದೆ. ರೇಟು ಬಲಗಡೆ ಮೂಲೆಗೆ ಹೋಗಿ ಕೂತಿತ್ತು. ನನಗೆ ಅದು ಎಡಗಡೆ ಮೊದಲಿಗೆ ಬೇಕು. ಪಿನ್ ಆದವೂ ತಾರೀಖಿನ ಪ್ರಕಾರ ನಿಲ್ಲುತ್ತವೆ, ರೇಟಿನದು ಹಳೇದು, ಅದಕ್ಕೇ ಹಿಂದೆ ಬಿದ್ದಿದೆ ಅಂದುಕೊಂಡೆ. ಡಿಲೀಟ್ ಮಾಡಿ, ಅದೇ ಫೋಟೋ ಹೊಸದಾಗಿ ಹಾಕಿ, ಪಿನ್ ಮಾಡಿದೆ. ಎಡಗಡೆಗೇ ಬಂತು! ನನ್ನ ಲೆಕ್ಕ ಸರಿ ಅಂತ ಬೀಗಿದೆ.

ಅದು ಬಂದದ್ದು ಹೊಸ ಪೋಸ್ಟ್ ಅಂತಲ್ಲ, ಕೊನೆಗೆ ಪಿನ್ ಮಾಡಿದ್ದು ಅಂತ. ಪೋಸ್ಟ್ ಹಾಕಿದ ತಾರೀಖಿಗೂ ಇದಕ್ಕೂ ಸಂಬಂಧವೇ ಇಲ್ಲ. ಹಳೇ ಪೋಸ್ಟನ್ನೇ ಅನ್‌ಪಿನ್ ಮಾಡಿ ಮತ್ತೆ ಪಿನ್ ಒತ್ತಿದ್ದರೆ ಅರ್ಧ ನಿಮಿಷದಲ್ಲಿ ಮುಗೀತಿತ್ತು. ಅದರ ಕೆಳಗೆ "ಅಕ್ಕ, ಸೀರೆ ಬಂತು, ಗಂಟು ತುಂಬಾ ನೀಟಾಗಿದೆ" ಅಂತ ಎರಡು ವರ್ಷದಿಂದ ಗಿರಾಕಿಗಳು ಬರೆದ ಎಂಬತ್ತು ಚಿಲ್ಲರೆ ಕಾಮೆಂಟ್ ಇದ್ದವು. ಪೋಸ್ಟಿನ ಜೊತೆ ಅವೂ ಹೋದವು. ಡಿಲೀಟ್ ಆದದ್ದು 30 ದಿನ Recently Deleted ಒಳಗೆ ಇರುತ್ತೆ, ವಾಪಸ್ ತರಬಹುದು. ನನಗೆ ಅದು ಗೊತ್ತಾಗುವಷ್ಟರಲ್ಲಿ ಎರಡು ತಿಂಗಳಾಗಿತ್ತು. ಹೊಸ ಗಿರಾಕಿಯೊಬ್ಬರು "ನಂಬಿ ಸೀರೆ ಕಳಿಸಬಹುದಾ?" ಅಂತ ಕೇಳಿದಾಗ ತೋರಿಸೋಕೆ ಹೋಗಿ ನೋಡಿದರೆ ಕೆಳಗೆ ಖಾಲಿ.

ಹಾಗಾಗಿ ಉಲ್ಟಾ ಹೋಗಿ. ಪಿನ್ ಆಗಿರೋದನ್ನೆಲ್ಲ ಬಿಡಿಸಿ. ಬಲಗಡೆ ಇರಬೇಕಾದ್ದನ್ನು ಮೊದಲು ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ ಪಿನ್ ಮಾಡಿ. ಆಮೇಲೆ ನಡುವಿನದು, ಕಟ್ಟಕಡೆಗೆ ಎಡಗಡೆಯದು. ನನ್ನ ಲೆಕ್ಕದಲ್ಲಿ ಕೊರಿಯರ್, ಡಿಸೈನ್, ರೇಟು. ಪಿನ್ ಆದದ್ದಕ್ಕೆ ಮೂಲೆಯಲ್ಲಿ ಪುಟ್ಟ ಪಿನ್ ಗುರುತು ಕಾಣುತ್ತೆ. ಬಿಡಿಸಿದರೆ ಪೋಸ್ಟ್ ಎಲ್ಲೂ ಹೋಗಲ್ಲ, ತನ್ನ ತಾರೀಖಿನ ಜಾಗಕ್ಕೆ ಇಳಿಯುತ್ತೆ ಅಷ್ಟೇ.

ಇನ್ನು ನಿಮ್ಮ ಐದರ ಆಸೆ. ಆ ಐದು ಫೋಟೋನೂ ಒಂದೇ ಪೋಸ್ಟಲ್ಲಿ ಸಾಲಾಗಿ ಹಾಕಿ ಅದನ್ನು ಪಿನ್ ಮಾಡಿ. ನಿಜ ಹೇಳಬೇಕಂದ್ರೆ ನಾನು ಮೂರೂ ಪಿನ್ ಮಾಡೋದನ್ನೇ ಬಿಟ್ಟೆ. ಸಾಲಿಗೆ ಕಾಣೋದೇ ಮೂರು ಪೋಸ್ಟು, ಮೂರೂ ಪಿನ್ ಆದರೆ ಮೊದಲ ಸಾಲು ಯಾವಾಗ ನೋಡಿದರೂ ಅದೇ ಹಳೇದು. ನಿನ್ನೆ ಹಾಕಿದ ಕುಚ್ಚು ಎರಡನೇ ಸಾಲಿಗೆ ಹೋಗುತ್ತೆ, ಅಂಗಡಿ ಮುಚ್ಚಿದ್ದಾರೇನೋ ಅನ್ನೋ ಹಾಗೆ. ಈಗ ಎರಡೇ ಪಿನ್, ರೇಟು ಮತ್ತು ಡಿಸೈನ್. ಮೂರನೇ ಜಾಗದಲ್ಲಿ ಹೊಸ ಸೀರೆ ತಾನಾಗೇ ಬಂದು ಕೂರುತ್ತೆ.